ನನ್ನ ಹಾಳೆಯಲ್ಲಿ ಇಲ್ಲದ್ದು

ಸೋದರತ್ತೆ ಆವತ್ತು ನಮ್ಮ ಬಾಗಿಲಲ್ಲಿ ನಿಂತು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. "ಮುಖ್ಯವಾದ್ದೆಲ್ಲ ಬಚ್ಚಿಟ್ಕಂಡು ನನ್ ಮಗಳಿಗೆ ಹೊಟ್ಟು ಕೊಟ್ಟವ್ಳೆ ಇವ್ಳು!"

ನನ್ನ ತರಗತಿಯಲ್ಲೇ ಓದುವ ಅವಳ ಮಗಳು ಬಿ.ಕಾಂ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಓದು ಬಿಡಿಸಿ ಗಾರ್ಮೆಂಟ್ಸ್‌ಗೆ ಕಳಿಸುತ್ತೇನೆಂದು ಮಾವ ಹೇಳಿಬಿಟ್ಟಿದ್ದ. ಪಾಸಾದ ನಾನು ಕಳ್ಳಿ!

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಯಾರಿಗೂ ಏನೂ ಕೊಟ್ಟಿರಲಿಲ್ಲ.

ನಮ್ಮೂರಿಂದ ಕಾಲೇಜಿರುವ ಶಿರಾಕ್ಕೆ ಬಸ್ಸಿನಲ್ಲಿ ಒಂದು ಗಂಟೆ. ಪರೀಕ್ಷೆಯ ಬೆಳಿಗ್ಗೆಯ ಆ ಒಂದು ಗಂಟೆಗೆಂದೇ ಹಾಳೆಯೊಂದನ್ನು ಮೊದಲೇ ಮಾಡಿಟ್ಟುಕೊಳ್ಳುತ್ತೇನೆ. ಇಡೀ ಸೆಮಿಸ್ಟರಿನ ನೋಟ್ಸ್ ಮುಚ್ಚಿಟ್ಟು, ಪಾಠದಿಂದ ಪಾಠಕ್ಕೆ ನೆನಪಿನಿಂದ ಬರೆದು ನೋಡುವುದು. ತಾನಾಗಿ ಬಂದದ್ದು ಹಾಳೆಗೆ ಬೇಡ. ಲೆಕ್ಕ ಮಾಡುತ್ತಾ ಹೊಳೆಯುವಂಥದ್ದೂ ಬೇಡ. ಮರೆತರೆ ಬೇರೆ ದಾರಿಯೇ ಇಲ್ಲದ್ದು, ಮತ್ತೆ ಮತ್ತೆ ಕೈಕೊಡುವುದು, ಅಷ್ಟೇ ಉಳಿಯಬೇಕು. ಸರಕು ಎಷ್ಟಕ್ಕಿಳಿದಾಗ ಮತ್ತೆ ತರಿಸಬೇಕೆಂಬ ಮರುಆರ್ಡರ್ ಮಟ್ಟಕ್ಕೆ ಗರಿಷ್ಠ ಬಳಕೆಯನ್ನು ಸರಕು ಬರುವ ಗರಿಷ್ಠ ಅವಧಿಯಿಂದ ಗುಣಿಸಬೇಕು. ನಾನು ಪ್ರತಿಸಲ ಅಲ್ಲಿ ಕನಿಷ್ಠ ಹಾಕಿ ಕೆಡುತ್ತಿದ್ದೆ. ಅದು ಹಾಳೆಯ ಮೇಲ್ತುದಿಯಲ್ಲೇ ಇತ್ತು. ಖರ್ಚಿಗೆ ಖರ್ಚು ಕೂಡಿಸಿ ಬೆಲೆ ಕಟ್ಟುವ ಕಾಸ್ಟ್ ಶೀಟ್ ಮಾತ್ರ ನನಗೆ ನೀರು ಕುಡಿದಷ್ಟು ಸಲೀಸು. ಆದಾಯ ತೆರಿಗೆ, ಡಿವಿಡೆಂಡ್ ಸೇರಿಸಬಾರದೆಂಬ ಒಂದು ಸಾಲು ಬಿಟ್ಟು ಅದರ ಸುದ್ದಿಯೇ ಅಲ್ಲಿರಲಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ನಾನು ನೀರು ಹಿಡಿಯಲು ಹೋದಾಗ ಅತ್ತೆಯ ಮಗಳು ಮೊಬೈಲಲ್ಲಿ ಆ ಹಾಳೆಯ ಫೋಟೋ ಹೊಡೆದುಕೊಂಡಳು. ಇಷ್ಟೇ ಸಾಕೆಂದು ತನ್ನ ನೋಟ್ಸ್ ಮುಟ್ಟಲೇ ಇಲ್ಲ. ಮರುದಿನ ದೊಡ್ಡ ಪ್ರಶ್ನೆ ಬಂದದ್ದು ಕಾಸ್ಟ್ ಶೀಟ್ ಮೇಲೆ!

"ನಂಗೆ ಬರೋದನ್ನ ಯಾಕೆ ಬರ್ಕಳ್ಳಿ ಅತ್ತೆ?" ಎಂದೆ. "ಅಂಗಾರೆ ಬಚ್ಚಿಟ್ಟಿದ್ದು ನಿಜವೇ ಬುಡು," ಎಂದಳು ಅತ್ತೆ.

ಮಗಳ ಮರುಪರೀಕ್ಷೆ ಹತ್ತಿರ ಬಂದಾಗ, "ಈ ಸಲನಾದ್ರೂ ಪೂರ್ತಿ ಬರ್ಕೊಡು ಕಣಮ್ಮ," ಎಂದು ಅದೇ ಅತ್ತೆ ಬಂದಳು. ಕೊಡುವುದಿಲ್ಲ ಎಂದೆ. ಮಗಳನ್ನು ಕೂರಿಸಿ, ನೋಟ್ಸ್ ಕಿತ್ತಿಟ್ಟು, ಖಾಲಿ ಕಾಗದ ಅವಳ ಮುಂದೆ ಎಸೆದೆ. "ಬರೋದನ್ನ ಬರಿ. ನೆನಪಿಗೆ ಬಾರ್ದೆ ಇರೋದಷ್ಟೆ ಹಾಳೆಗೆ." ಅವಳು ಅತ್ತಳು. ನನಗೆ ಕನಿಕರ ಬರಲಿಲ್ಲ. ಮೊದಲ ದಿನ ಹಾಳೆಗೆ ಹೋಗಬೇಕಾದದ್ದೇ ಒಂದು ಪುಸ್ತಕದಷ್ಟಾಯಿತು. ದಿನಾ ಬೈದು ಬರೆಸಿದೆ, ದಿನಾ ಕಲಿತ ಒಂದಿಷ್ಟನ್ನು ಅವಳು ಹೊಡೆದುಹಾಕಿದಳು.

ಪರೀಕ್ಷೆಯ ಬೆಳಿಗ್ಗೆ ನಾನೂ ಜೊತೆಗೆ ಹತ್ತಿದ ಬಸ್ಸಿನಲ್ಲಿ ಅವಳ ಕೈಲಿ ಒಂದೇ ಹಾಳೆ. ಬಗ್ಗಿ ನೋಡಿದೆ. ಹಾಳೆ ತುಂಬಾ ಕಾಸ್ಟ್ ಶೀಟ್: ಮೂಲ ವೆಚ್ಚಕ್ಕೆ ಕಾರ್ಖಾನೆಯ ಖರ್ಚು, ಆಮೇಲೆ ಆಡಳಿತದ್ದು, ಆಮೇಲೆ ಮಾರಾಟದ್ದು. ನಾನು ಪ್ರತಿಸಲ ಎಡವುವ ಮರುಆರ್ಡರ್ ಮಟ್ಟ ಎಲ್ಲೂ ಇಲ್ಲ.

"ಲೇ, ಅದೆಲ್ಲೇ?" ಎಂದು ಗದರಿದೆ.

ಅವಳು ಹಾಳೆಯಿಂದ ಕಣ್ಣೆತ್ತಲಿಲ್ಲ. "ನಂಗೆ ಬರೋದನ್ನ ಯಾಕೆ ಬರ್ಕಳ್ಳಿ?"