ಒಂದರ ತನಕ ಮಾತ್ರ

ನಾನು ಗಂಡು ನೋಡಿದ್ದು ಬಿ.ಎಸ್ಸಿ. ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂತು. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ.

ಆಗ ನಾನು ಭದ್ರಾವತಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಗಣಿತದ ಗೆಸ್ಟ್ ಲೆಕ್ಚರರ್. ಅದಾಗಲೇ ಮೂರು ಗಂಡುಗಳು ಮನೆಗೆ ಬಂದು ಉಪ್ಪಿಟ್ಟು, ಕೇಸರಿಬಾತು ತಿಂದು ಹೋಗಿದ್ದರು. ಒಬ್ಬ, ಮದುವೆ ಆದಮೇಲೆ ಕೆಲಸ ಬಿಡ್ತಾಳಾ ಅಂತ ನನ್ನನ್ನಲ್ಲ, ಅಪ್ಪನನ್ನು ಕೇಳಿದ. ಇನ್ನೊಬ್ಬ ಮಾತಿನ ಮಧ್ಯೆ ಬಡ್ಡಿ ಲೆಕ್ಕ ತಪ್ಪು ಹೇಳಿದಾಗ ತಿದ್ದಿದೆ ನೋಡಿ, ಹುಳಿ ಮಜ್ಜಿಗೆ ಕುಡಿದವನ ಹಾಗೆ ಮುಖ ಮಾಡಿದ. ಅವತ್ತಿನಿಂದ ನನಗೆ ನಿಜವಾಗಲೂ ಭಯ ಹುಟ್ಟಿತ್ತು. ತಪ್ಪು ಕಂಡರೆ ಬಾಯಿ ಮುಚ್ಚಿಕೊಂಡಿರುವ ಜಾಯಮಾನ ನನ್ನದಲ್ಲ. ತಿದ್ದಿಸಿಕೊಳ್ಳಲಾರದವನ ಜೊತೆ ಬದುಕಿಡೀ ಹೇಗಪ್ಪಾ ಇರೋದು?

ಅಷ್ಟರಲ್ಲಿ ಶಿವಮೊಗ್ಗದಿಂದ ನಾಲ್ಕನೇ ಸಂಬಂಧ ಬಂತು. ಹುಡುಗ ಅಲ್ಲೇ ಒಂದು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. "ಮನೆಗೆ ಬರೋದು ಬೇಡ, ನಾನೇ ಅವರ ಪಾಠ ಕೇಳಕ್ಕೆ ಹೋಗ್ತೀನಿ" ಅಂದೆ.

"ಅವನೇನು ಇಂಟರ್‌ವ್ಯೂಗೆ ಬಂದಿದಾನೇನೇ ಮಾರಾಯ್ತಿ?" ಅಂದರು ಅಪ್ಪ.

"ನಾನು ಮೂರು ಸಲ ಕೊಟ್ಟಿದೀನಲ್ಲಪ್ಪ!"

ಅಪ್ಪ ನಕ್ಕುಬಿಟ್ಟರು. ಆ ಕಡೆಯಿಂದ ಹುಡುಗನೇ ಫೋನು ಮಾಡಿದ. "ಬನ್ನಿ ಮೇಡಂ. ಗುರುವಾರ ಎರಡನೇ ಪೀರಿಯಡ್. ಪ್ರಿನ್ಸಿಪಾಲರನ್ನ ಕೇಳಿ ಒಪ್ಪಿಸಿದೀನಿ." ಒಳ್ಳೇ ಧೈರ್ಯ ಅಂದುಕೊಂಡೆ.

ಗುರುವಾರ ಹೋಗಿ ಹಿಂದೆ ಕೂತೆ. ಯಾರೋ ಗಣಿತದ ಮೇಡಂ ಪಾಠ ಕೇಳಲು ಬಂದಿದ್ದಾರೆ ಅಂತಷ್ಟೇ ಮಕ್ಕಳಿಗೆ ಹೇಳಿದ್ದರಂತೆ. ಮಕ್ಕಳೇನು ದಡ್ಡರೇ? ಮುಂದಿನ ಬೆಂಚಿನ ಹುಡುಗಿಯರು ತಿರುಗಿ ತಿರುಗಿ ನನ್ನ ಸೀರೆ ನೋಡುತ್ತಿದ್ದರು.

ಅವತ್ತಿನ ಪಾಠ ಡಿಫರೆನ್ಶಿಯಲ್ ಇಕ್ವೇಶನ್. ವೈ ಎಷ್ಟಿದೆಯೋ ಅದರ ವರ್ಗದಷ್ಟು ವೇಗದಲ್ಲಿ ವೈ ಬೆಳೆಯುತ್ತೆ. ಎಕ್ಸ್ ಸೊನ್ನೆ ಇದ್ದಾಗ ವೈ ಒಂದು. ಇಷ್ಟು ಕೊಟ್ಟರೆ ವೈ ಏನು? ಬಿಡಿಸಿದ್ದು ಚೆಂದವಾಗಿತ್ತು, ಸುಳ್ಳು ಯಾಕೆ ಹೇಳಲಿ. ದುಂಡಗಿನ ಅಕ್ಷರ, ಅವಸರವಿಲ್ಲದ ಮಾತು. ಉತ್ತರ ಬಂತು: ಒಂದನ್ನು, ಒಂದರಲ್ಲಿ ಎಕ್ಸ್ ಕಳೆದು ಉಳಿದದ್ದರಿಂದ ಭಾಗಿಸಬೇಕು. ಎಕ್ಸ್ ಅರ್ಧ ಆದಾಗ ವೈ ಎರಡು, ಸೊನ್ನೆ ಪಾಯಿಂಟ್ ಒಂಬತ್ತಕ್ಕೆ ಹತ್ತು, ಸೊನ್ನೆ ಪಾಯಿಂಟ್ ಒಂಬತ್ತು ಒಂಬತ್ತಕ್ಕೆ ನೂರು. "ನೋಡಿ, ಇಕ್ವೇಶನ್ ನೋಡಿದ್ರೆ ಎಷ್ಟು ಸಾಧು. ಎಲ್ಲೂ ಒಂದು ಅಂತ ಬರೆದಿಲ್ಲ. ಆದ್ರೂ ಎಕ್ಸ್ ಒಂದರ ಹತ್ತಿರ ಬಂದ್ರೆ ಸಿಡಿದು ಅನಂತಕ್ಕೆ ಹೋಗುತ್ತೆ" ಅಂದರು. ನನಗೆ ಖುಷಿಯಾಯಿತು. ಪರವಾಗಿಲ್ಲ, ಆಸಾಮಿಗೆ ಹೇಳಿಕೊಡಲು ಬರುತ್ತೆ.

ಆಮೇಲೆ ಬೋರ್ಡಿನ ಕೆಳಗೆ ಬರೆದರು: ಈ ಪರಿಹಾರ ಎಕ್ಸ್ ಒಂದನ್ನು ಬಿಟ್ಟು ಉಳಿದೆಲ್ಲ ಕಡೆಗೂ ಸಲ್ಲುತ್ತೆ. ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದರು.

ಅಯ್ಯೋ ದೇವರೇ! ಬಾಯಿ ಬಿಗಿಹಿಡಿದೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡೆ. ಆಗಲಿಲ್ಲ, ಕೈ ಎತ್ತಿಬಿಟ್ಟೆ.

"ಸರ್, ಅದು ಒಂದಕ್ಕಿಂತ ಕಡಿಮೆ ಇರೋ ಎಕ್ಸ್‌ಗಳಿಗೆ ಮಾತ್ರ ಸಲ್ಲೋದು. ಆಚೆಗಲ್ಲ."

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಅವರು ಮೆಲ್ಲಗೆ, "ಆಚೆಗೂ ಇಕ್ವೇಶನ್ನಿಗೆ ಹೊಂದುತ್ತಲ್ಲ ಮೇಡಂ. ಎಕ್ಸ್ ಎರಡಾದ್ರೆ ವೈ ಮೈನಸ್ ಒಂದು. ಹಾಕಿ ನೋಡಿ, ಸರಿ ಬರುತ್ತೆ" ಅಂದರು.

"ಸರಿ ಬರುತ್ತೆ ಸರ್. ಆದ್ರೆ ಆಚೆ ಕಡೆ ನಾನು ವೈ ಪೂರ್ತಿ ಸೊನ್ನೆ ಅಂತ ಬರೆದ್ರೂ ಸರಿ ಬರುತ್ತೆ. ಮೈನಸ್ ಒಂದನ್ನ ಎಕ್ಸ್‌ನಿಂದ ಭಾಗಿಸಿದ್ದು ಅಂತ ಬರೆದ್ರೂ ಸರಿ ಬರುತ್ತೆ. ಇದರಲ್ಲಿ ನಮ್ಮದು ಯಾವುದು? ನಾವು ಹೊರಟಿದ್ದು ಸೊನ್ನೆಯಿಂದ. ಹೊಳೆ ಸೇತುವೆ ಮುರಿದು ಬಿದ್ರೆ ಆಚೆ ದಡದಲ್ಲಿ ರಸ್ತೆ ಇದ್ದೇ ಇರುತ್ತೆ. ನಮ್ಮ ಬಸ್ಸು ಅಲ್ಲಿಗೆ ಹೋಗಲ್ಲ."

ಪಕ್ಕದ ಸಾಲಿನ ಹುಡುಗನೊಬ್ಬ "ಹೋ" ಅಂದ. ಇವರು ಬೋರ್ಡಿನ ಕಡೆ ತಿರುಗಿದರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಮುಗಿಯಿತು ಕಥೆ, ನಾಲ್ಕನೆಯದೂ ಹೋಯಿತು ಅಂದುಕೊಂಡೆ. ಈ ಸಲ ಯಾಕೋ ಸಂಕಟವಾಯಿತು. ಆ ದುಂಡಕ್ಷರ ನನಗೆ ಇಷ್ಟವಾಗಿಬಿಟ್ಟಿತ್ತು.

ಅವರು ಆ ಸಾಲನ್ನು ಡಸ್ಟರಿನಿಂದ ಒರೆಸಿದರು. "ನಾನು ಹೇಳಿದ್ದು ತಪ್ಪು. ಮೇಡಂ ಹೇಳಿದ್ದು ಸರಿ. ಎಲ್ಲರೂ ಹೊಡೆದು ಹಾಕಿ ಬರ್ಕೊಳ್ಳಿ: ಎಕ್ಸ್ ಒಂದಕ್ಕಿಂತ ಕಡಿಮೆ. ಶುರುವಿನ ಬಿಂದು ಆ ವ್ಯಾಪ್ತಿಯ ಒಳಗಿರಬೇಕು, ನಡುವೆ ಎಲ್ಲೂ ತುಂಡಾಗಬಾರದು." ಆಮೇಲೆ ತಾವೇ ಸೇರಿಸಿದರು. "ಅದೇ ಎಕ್ಸ್ ಎರಡಾದಾಗ ವೈ ಮೈನಸ್ ಒಂದು ಅಂತ ಶುರು ಮಾಡಿದ್ರೆ, ಆಗ ಆಚೆ ತುಂಡು ನಮ್ಮದು, ಈಚೆಯದಲ್ಲ. ಅಲ್ವಾ ಮೇಡಂ?"

"ಹೌದು ಸರ್" ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಗಂಟೆ ಹೊಡೆಯಿತು. ಕಾರಿಡಾರಿನಲ್ಲಿ ಕ್ಷಮೆ ಕೇಳೋಣ ಅಂತ ಬಾಯಿ ತೆರೆದೆ. "ಹತ್ತು ನಿಮಿಷ ಇರ್ತೀರಾ ಮೇಡಂ? ಒಂದು ಕೆಲಸ ಇದೆ" ಅಂತ ಅವರು ದುಡುದುಡು ನಡೆದೇಬಿಟ್ಟರು. ನಾನೂ ಹಿಂದೆ ಹೋದೆ. ಕೊನೆಯ ವರ್ಷದ ಕ್ಲಾಸಿನ ಬಾಗಿಲಲ್ಲಿ ನಿಂತು, ಒಳಗೆ ಪಾಠ ಶುರು ಮಾಡುತ್ತಿದ್ದ ಹಿರಿಯರನ್ನು, "ಸರ್, ಐದು ನಿಮಿಷ ಕೊಡ್ತೀರಾ?" ಅಂತ ಕೇಳಿದರು.

ಬೋರ್ಡಿನ ಮೇಲೆ ಅದೇ ಇಕ್ವೇಶನ್ ಬರೆದರು. "ಹೋದ ವರ್ಷ ಇದನ್ನ ನಿಮಗೆ ತಪ್ಪು ಹೇಳಿಕೊಟ್ಟಿದೀನಿ. ಒಂದನ್ನ ಬಿಟ್ಟು ಎಲ್ಲ ಕಡೆ ಸಲ್ಲುತ್ತೆ ಅಂದಿದ್ದೆ. ಸಲ್ಲಲ್ಲ. ಇವತ್ತು ನನ್ನನ್ನ ಒಬ್ಬರು ತಿದ್ದಿದ್ರು."

"ಆ ಪರೀಕ್ಷೆ ಮುಗಿದೋಯ್ತಲ್ಲ ಸರ್!" ಅಂದ ಒಬ್ಬ ಹುಡುಗ. ಎಲ್ಲರೂ ನಕ್ಕರು.

"ಮುಗೀತು. ಆದ್ರೆ ನಾಳೆ ನೀವು ಯಾರಿಗಾದ್ರೂ ಪಾಠ ಮಾಡ್ತೀರಲ್ಲೋ."

ಕಿಟಕಿ ಪಕ್ಕದ ಹುಡುಗಿಯೊಬ್ಬಳು, ವೈಯನ್ನು ಒಂದರ ಬದಲು ಎರಡರಿಂದ ಶುರು ಮಾಡಿದರೆ ಎಲ್ಲಿ ಸಿಡಿಯುತ್ತೆ ಸರ್ ಅಂತ ಕೇಳಿದಳು. "ಅರ್ಧಕ್ಕೇ. ಎಷ್ಟು ಎತ್ತರದಿಂದ ಹೊರಟ್ರೆ ಅಷ್ಟು ಬೇಗ" ಅಂತ ಬಿಡಿಸಿ ತೋರಿಸಿದರು. ಕತ್ತಿನ ಹಿಂದೆ ಬೆವರಿತ್ತು, ಕಾಲರು ಒದ್ದೆ. ಸುಲಭವಾಗಿ ಬಂದದ್ದಲ್ಲ ಅದು. ಯಾರೂ ಕೇಳಿರಲಿಲ್ಲ, ಹೇಳದೇ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ನಾನು ಬಾಗಿಲ ಹೊರಗೆ ನಿಂತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಒದ್ದೆ ಕಾಲರಿನ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆಗಲೇ, ಅಲ್ಲೇ.

ಗೇಟಿನ ತನಕ ಬಂದು ಅವರು ನೆಲ ನೋಡುತ್ತಾ ಹೇಳಿದರು. "ಮನೇಲಿ ಬೇಡ ಅಂದ್ರೂ ಬೇಜಾರಿಲ್ಲ ಮೇಡಂ. ಇವತ್ತು ಪಾಠ ಚೆನ್ನಾಗಿ ಆಗಲಿಲ್ಲ."

"ನಾಳೆ ಭದ್ರಾವತಿಗೆ ಬನ್ನಿ ಸರ್. ನನ್ನ ಕ್ಲಾಸಲ್ಲಿ ಕೂತ್ಕೊಳ್ಳಿ. ನನ್ನ ತಪ್ಪೂ ಯಾರಾದ್ರೂ ಹಿಡೀಬೇಕಲ್ಲ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದ ಮೇಲೆ ಕಿವಿಯೆಲ್ಲ ಕೆಂಪು.

ಬಸ್ಸು ಮಲವಗೊಪ್ಪ ದಾಟುವಾಗ ತಡೆಯಲಾರದೆ ಅಮ್ಮನಿಗೆ ಫೋನು ಮಾಡಿದೆ. "ಒಪ್ಪಿಗೆ ಅಂತ ಹೇಳಿಬಿಡಮ್ಮ."

"ಹಂಗಾದ್ರೆ ಪಾಠ ಬಹಳ ಚೆನ್ನಾಗಿತ್ತು ಅನ್ನು!"

"ಇಲ್ಲಮ್ಮ. ತಪ್ಪಾಗಿತ್ತು."

"ಅಯ್ಯೋ ನಿನ್ನ! ಮತ್ಯಾಕೇ ಒಪ್ಪಿಗೆ?"

"ತಪ್ಪಾಗಿತ್ತು ಅಂತ ಅವರೇ ಹೇಳಿದ್ರಮ್ಮ" ಅಂದೆ. ಪಕ್ಕದ ಸೀಟಿನವರು ನೋಡುತ್ತಿದ್ದರೂ ಅತ್ತುಬಿಟ್ಟೆ.