ಕುಮುದಾ ಮೇಡಂ ಬರೆಸಿದ ಮೂರು ಗುರಿಗಳು

ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನ ಎದುರು ಆ ಫ್ಲೆಕ್ಸ್ ಎದ್ದ ದಿನದಿಂದ ಕುಮುದಾ ತರಕಾರಿಗೆ ಹಿಂದಿನ ಓಣಿಯಿಂದ ಹೋಗತೊಡಗಿದಳು. ಹೈಸ್ಕೂಲಿನಲ್ಲಿ ಹದಿನಾರು ವರ್ಷದಿಂದ ಪಿ.ಟಿ. ಮೇಡಂ ಆಗಿರುವವಳು, ಸೀಟಿ ಊದಿದರೆ ಅಂಗಡಿಯವರೂ ತಿರುಗಿ ನೋಡುವಂಥವಳು, ಈಗ ಕಳ್ಳಿಯ ಹಾಗೆ ಬದನೆಕಾಯಿ ತರುತ್ತಿದ್ದಳು. ಫ್ಲೆಕ್ಸಿನ ನಡುವೆ ಒಂಬತ್ತನೇ ಕ್ಲಾಸಿನ ಪ್ರತಿಮಾ ಕೈಮುಗಿದು ನಿಂತಿದ್ದಳು. ತಲೆಯ ಮೇಲೆ 'ಎಂಟುನೂರು ಮೀಟರ್ ಓಟದಲ್ಲಿ ರಾಜ್ಯಮಟ್ಟಕ್ಕೆ ಹೊರಟ ನಮ್ಮೂರ ಚಿರತೆ' ಎಂದಿತ್ತು. ಮೂಲೆಯಲ್ಲಿ ಸಣ್ಣದಾಗಿ ಕುಮುದಾಳ ಮುಖವೂ ಇತ್ತು. ಚಿರತೆ ಇನ್ನೂ ಜಿಲ್ಲಾಮಟ್ಟವನ್ನೇ ಓಡಿರಲಿಲ್ಲ ಎಂಬುದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ.

ಇದಕ್ಕೆಲ್ಲ ಕಾರಣ ಕುಮುದಾಳೇ. ಅವಳು ಮಕ್ಕಳಿಗೆ ಗುರಿ ಇಟ್ಟುಕೊಳ್ಳುವುದನ್ನು ಕಲಿಸುತ್ತಿದ್ದಳು. ಹುಂಚದ ಹುಡುಗಿಯಾಗಿದ್ದಾಗ ಅವಳೂ ಓಡಿದವಳು. ತೀರ್ಥಹಳ್ಳಿಯ ಕ್ರೀಡಾಕೂಟದಲ್ಲಿ ಎರಡನೇ ಸ್ಥಾನ ಬಂದಾಗ ಅವಳ ಮೇಷ್ಟ್ರು ಹುಂಚ ಬರುವವರೆಗೂ ಬಸ್ಸಿನಲ್ಲಿ ಒಂದು ಮಾತೂ ಆಡಿರಲಿಲ್ಲ. ಅವರು ಸಮಯ ಹೇಳದ್ದರಿಂದ ಆ ದಿನ ತಾನು ಹಿಂದೆಂದಿಗಿಂತ ವೇಗವಾಗಿ ಓಡಿದ್ದೆನೋ ಇಲ್ಲವೋ ಎಂದು ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಆ ಮೇಷ್ಟ್ರ ಹಾಗೆ ತಾನಾಗಬಾರದು ಎಂಬ ಒಂದೇ ಹಟಕ್ಕೆ ಅವಳು ಪಿ.ಟಿ. ಮೇಡಂ ಆದದ್ದು.

ಹಾಗಾಗಿ ಜೂನ್ ತಿಂಗಳಲ್ಲೇ ಪ್ರತಿ ಮಗುವಿನ ನೋಟ್‌ಬುಕ್ಕಿನಲ್ಲೂ ಮೂರು ಗುರಿ ಬರೆಸಿದ್ದಳು. "ಫಸ್ಟ್ ಬರ್ಬೇಕು, ಸ್ಟೇಟಿಗೆ ಹೋಗ್ಬೇಕು ಅನ್ನೋದು ಫಲಿತಾಂಶದ ಗುರಿ. ಪಕ್ಕದವಳು ಎಷ್ಟು ಜೋರು ಓಡ್ತಾಳೆ ಅನ್ನೋದು ನಿಮ್ಮ ಕೈಲಿದ್ಯಾ? ಇಲ್ಲ. ಅದನ್ನ ಬರ್ದಿಟ್ಟು ದೂರದಲ್ಲಿಡಿ. ನಿಮ್ಮ ಹಳೇ ಟೈಮಿಗಿಂತ ಕಮ್ಮಿ ಮಾಡ್ಬೇಕು ಅನ್ನೋದು ಸಾಧನೆಯ ಗುರಿ, ಅದು ನಿಮ್ಮ ಜತೆ ನಿಮ್ದೇ ಜಗಳ. ಇನ್ನೊಂದು ಪ್ರಕ್ರಿಯೆಯ ಗುರಿ. ಇವತ್ತು, ಈ ಸುತ್ತಿನಲ್ಲಿ, ಏನು ಮಾಡ್ತೀರಿ ಅನ್ನೋದು. ಅದು ಪೂರ್ತಿ ನಿಮ್ದು." ಮಕ್ಕಳ ಬಾಯಲ್ಲಿ ಪ್ರಕ್ರಿಯೆ ತೊಡರಿ 'ಮಾಡೋ ಗುರಿ' ಆಯಿತು. ಅದೇ ಚೆನ್ನಾಗಿದೆ ಎಂದು ಅವಳೂ ಹಾಗೇ ಕರೆದಳು.

ಪ್ರತಿಮಾ ಬರೆದದ್ದೂ ಹೀಗೇ. ಸಾಧನೆಯ ಗುರಿ: ಎರಡು ನಿಮಿಷ ನಲವತ್ಮೂರು ಸೆಕೆಂಡಿನಿಂದ ಎರಡು ನಿಮಿಷ ಮೂವತ್ತೊಂಬತ್ತಕ್ಕೆ ಇಳಿಯುವುದು. ಮಾಡೋ ಗುರಿ: ಮೊದಲ ನಾನೂರು ಮೀಟರನ್ನು ಎಪ್ಪತ್ತೆಂಟು ಸೆಕೆಂಡಿಗಿಂತ ಬೇಗ ಓಡಿ ಸುಸ್ತಾಗದಿರುವುದು, ಭುಜ ಬಿಗಿಯದಿರುವುದು, ಮತ್ತು ಆ ನಾನೂರು ದಾಟಿದ ಮೇಲೆ ಹಿಂದೆ ತಿರುಗಿ ನೋಡದಿರುವುದು. ಈ ಕೊನೆಯದನ್ನು ಅವಳೇ ಕಂಡುಹಿಡಿದಿದ್ದಳು. ಯಾರು ಬಂದರು ಎಂದು ಕತ್ತು ತಿರುಗಿಸುವ ಚಾಳಿ ಅವಳಿಗೆ. ಪ್ರತಿ ಸಲ ಅದರಿಂದ ಎರಡು ಹೆಜ್ಜೆ ಹಿಂದೆ ಬೀಳುತ್ತಿದ್ದಳು. ಫಲಿತಾಂಶದ ಸಾಲಿನಲ್ಲಿ, ಕುಮುದಾ ಕೇಳಿದ್ದಕ್ಕೆ, 'ರಾಜ್ಯಮಟ್ಟ' ಎಂದು ಬರೆದಿದ್ದಳು.

ಕುಮುದಾ ಎಡವಿದ್ದು ಆಮೇಲೆ. ಹೊಸನಗರದ ತಾಲ್ಲೂಕು ಕೂಟದಲ್ಲಿ ಪ್ರತಿಮಾ ಗೆದ್ದ ಮರುದಿನ, ಮಕ್ಕಳಿಗೆ ಹುರುಪು ಬರಲಿ ಎಂದು ಬೆಳಗಿನ ಪ್ರಾರ್ಥನೆಯಲ್ಲಿ ಆ ಗುರಿಗಳನ್ನು ಓದಿಸಿಬಿಟ್ಟಳು. ಹೆಡ್‌ಮಾಸ್ಟರ್ ನಾರಾಯಣಮೂರ್ತಿಯವರ ಕಿವಿಗೆ ಬಿದ್ದದ್ದು 'ರಾಜ್ಯಮಟ್ಟ' ಒಂದೇ. ಸಂಜೆಗೆ ಫೋಟೋ ತೆಗೆಸಿದರು, ವಾರದಲ್ಲಿ ಫ್ಲೆಕ್ಸ್ ಬಂತು. "ಹೆಂಗೆ ಬಂದಿದೆ ನೋಡಿ ಮೇಡಂ! ಮಗು ಬಾಯಲ್ಲೇ ಬಂದ ಮಾತು, ನಾವೇನೂ ಸೇರಿಸ್ಲಿಲ್ಲ" ಎಂದರು. ಮಗುವಿನ ಬಾಯಲ್ಲಿ ಅದನ್ನು ಇಟ್ಟವಳು ಕುಮುದಾಳೇ.

ಅಲ್ಲಿಂದ ಹುಡುಗಿಗೆ ಹೊಟ್ಟೆನೋವು ಶುರು. ಇನ್ನೂರು ಮೀಟರಿನ ಆರು ಓಟಗಳ ಅಭ್ಯಾಸ ಇದ್ದ ದಿನ ಮೂರಕ್ಕೇ ಕೂತುಬಿಡುತ್ತಿದ್ದಳು. ಭುಜ ಕಿವಿಯವರೆಗೆ ಏರಿರುತ್ತಿತ್ತು. ಸಾಗರದ ಜಿಲ್ಲಾ ಕೂಟಕ್ಕೆ ನಾಲ್ಕು ದಿನ ಇರುವಾಗ ಮೈದಾನದ ಅಂಚಿನಲ್ಲಿ ಬಾಯಿಬಿಟ್ಟಳು.

"ನಾ ಬರಲ್ಲ ಮೇಡಂ. ಬಸ್ಸಲ್ಲಿ ಕಂಡಕ್ಟರೂ ಕೇಳ್ತಾರೆ, ಸ್ಟೇಟ್ ಯಾವಾಗ ಅಂತ. ಅಪ್ಪಯ್ಯ ನೆಂಟ್ರಿಗೆಲ್ಲ ಹೇಳಿ ಆಗಿದೆ. ಸೋತ್ರೆ ಆ ಫೋಟೋ ಎದ್ರಿಗೆ ನಾನು ಹೆಂಗೆ ಬಸ್ ಹತ್ಲಿ?"

ಫ್ಲೆಕ್ಸ್ ಇಳಿಸಿ ಎನ್ನಲು ಕುಮುದಾ ಎರಡು ಸಲ ಆಫೀಸಿನ ಬಾಗಿಲವರೆಗೆ ಹೋಗಿ ಬಂದಿದ್ದಳು. ಇಳಿಸಿದರೆ ಊರು ಏನಾಯಿತೆಂದು ಕೇಳುತ್ತದೆ, ಬಿಟ್ಟರೆ ಹುಡುಗಿ ಸಾಯುತ್ತಾಳೆ. "ಪ್ರತಿಮಾ, ಇಲ್ಕೇಳು. ಆ ಸಾಲನ್ನ ಹೊಡೆದು ಹಾಕು. ಸಾಗರದಲ್ಲಿ ನಾನು ಸ್ಥಾನ ನೋಡೋದೇ ಇಲ್ಲ. ನಿನ್ನ ಟೈಮ್ ಹಿಡೀತೀನಿ, ನೀನು ಹಿಂದೆ ತಿರುಗ್ತೀಯಾ ಇಲ್ವಾ ನೋಡ್ತೀನಿ. ಅಷ್ಟೇ."

"ಮೂವತ್ತೊಂಬತ್ತರ ಒಳಗೆ ಬಂದ್ರೆ ಮುಂದಿನ ವರ್ಷನೂ ಓಡ್ತೀನಿ. ಇಲ್ದಿದ್ರೆ ಬಿಟ್ಬಿಡ್ತೀನಿ. ನೀವು ಬೇಜಾರ್ ಮಾಡ್ಕೋಬಾರ್ದು."

"ಆಯ್ತು ಮಾರಾಯ್ತಿ" ಎಂದಳು ಕುಮುದಾ. ಆ ನಾಲ್ಕು ದಿನ ಹೊಟ್ಟೆನೋವು ಬರಲಿಲ್ಲ.

ಸಾಗರದ ಮೈದಾನದಲ್ಲಿ ಹನ್ನೊಂದು ಹುಡುಗಿಯರು ಗೆರೆಗೆ ಬಂದರು. ಮುಂದಿನ ಹಂತಕ್ಕೆ ಹೋಗುವವರು ಮೊದಲ ಇಬ್ಬರು. ಅಧಿಕಾರಿಗಳು ಸಮಯ ಬರೆದುಕೊಳ್ಳುವುದು ಮೊದಲ ಮೂವರದ್ದು ಮಾತ್ರ, ಉಳಿದವರ ಸಮಯ ಅವರವರ ಮೇಷ್ಟ್ರ ಕೈಯಲ್ಲಿ. ಪಿಸ್ತೂಲು ಸಿಡಿದಾಗ ಕುಮುದಾ ಸ್ಟಾಪ್‌ವಾಚ್ ಒತ್ತಿದಳು. ಮೊದಲ ಸುತ್ತು ಎಪ್ಪತ್ತೊಂಬತ್ತು ಸೆಕೆಂಡು, ಹುಡುಗಿ ಐದನೆಯವಳು, ಭುಜ ಸಡಿಲ. ಹೇಳಿದ್ದನ್ನು ಅಕ್ಷರಶಃ ಮಾಡುತ್ತಿದ್ದಾಳಲ್ಲ ಎಂದು ಕುಮುದಾಳಿಗೆ ಕಣ್ಣು ತುಂಬಿತು.

ಅರ್ಧ ಸುತ್ತು ಉಳಿದಿದ್ದಾಗ ಪ್ರತಿಮಾ ಇಬ್ಬರನ್ನು ದಾಟಿದಳು. ಮೂರನೇ ಸ್ಥಾನ. ಎರಡನೆಯವಳು, ತೀರ್ಥಹಳ್ಳಿಯ ಉದ್ದ ಕಾಲಿನ ಹುಡುಗಿ, ಹತ್ತೇ ಹೆಜ್ಜೆ ಮುಂದೆ ಏದುಸಿರು ಬಿಡುತ್ತಿದ್ದಳು. ಕುಮುದಾಳಿಗೆ ಬಸ್‌ಸ್ಟ್ಯಾಂಡ್ ಕಣ್ಣಿಗೆ ಬಂತು, ಹೆಡ್‌ಮಾಸ್ಟರ್ ಬಂದರು, ಊರಿಗೆ ಊರೇ ಬಂತು. "ಹಿಡಿ ಅವಳನ್ನ! ಸೆಕೆಂಡ್ ಬಾರೇ, ಸೆಕೆಂಡ್!" ಎಂದು ಮೈದಾನದ ಅಂಚಿಗೆ ಕಟ್ಟಿದ್ದ ಹಗ್ಗದ ಮೇಲೆ ಬಾಗಿ ಗಂಟಲು ಹರಿಯುವಂತೆ ಕೂಗಿದಳು. ಆದರೆ ಕೊನೆಯ ಮೂವತ್ತು ಮೀಟರಿನಲ್ಲಿ ಹೊರಗಿನಿಂದ ಇನ್ನೊಬ್ಬಳು ಸುಂಟರಗಾಳಿಯಂತೆ ನುಗ್ಗಿದಳು. ಪ್ರತಿಮಾ ನಾಲ್ಕನೆಯವಳಾಗಿ ಗೆರೆ ದಾಟಿದಳು. ಕುಮುದಾ ಹಗ್ಗ ಹಿಡಿದುಕೊಂಡೇ ನಿಂತಿದ್ದಳು.

ಮೊಣಕಾಲಿಗೆ ಕೈಯೂರಿ ಉಸಿರು ತೆಗೆದುಕೊಂಡ ಹುಡುಗಿ ನಗುತ್ತ ಬಂದಳು. ಎಷ್ಟೋ ವಾರದ ಮೇಲೆ ನಕ್ಕಿದ್ದಳು. "ಒಂದ್ಸಲನೂ ತಿರುಗ್ಲಿಲ್ಲ ಮೇಡಂ! ನೋಡಿದ್ರಾ? ಟೈಮ್ ಎಷ್ಟಾಯ್ತು?"

ಕುಮುದಾ ಕೈ ನೋಡಿಕೊಂಡಳು. ವಾಚು ಮೂರು ನಿಮಿಷ ಇಪ್ಪತ್ತು ಸೆಕೆಂಡು ದಾಟಿ ಓಡುತ್ತಲೇ ಇತ್ತು.

ಎರಡು ಮೂವತ್ತೆಂಟು ಎಂದುಬಿಟ್ಟರೆ ಮುಗಿಯಿತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ಬಹುಶಃ ಅದೇ ನಿಜವೂ ಆಗಿತ್ತು. ಆದರೆ ಗೊತ್ತಿಲ್ಲದ ಸಮಯ ಹೇಳಿದರೆ ಈ ಮಗು ವರ್ಷವಿಡೀ ಇಲ್ಲದ್ದೊಂದರ ಬೆನ್ನು ಹತ್ತಿ ಓಡುತ್ತದೆ, ಗುರಿ ಇಡುವ ಮೊದಲನೇ ಪಾಠವೇ ಸುಳ್ಳಾಗುತ್ತದೆ.

"ನಿಲ್ಲಿಸೋದು ಮರೆತೆ ಕಣೆ."

ಪ್ರತಿಮಾಳ ನಗು ಒಮ್ಮೆಲೇ ಹೋಗಲಿಲ್ಲ, ನಿಧಾನವಾಗಿ ಇಳಿಯಿತು. "ನೀವೂ ಸ್ಥಾನನೇ ನೋಡ್ತಿದ್ರಾ?"

"ಹೂಂ" ಎಂದಳು ಕುಮುದಾ.

ಹುಡುಗಿ ಹುಲ್ಲಿನ ಮೇಲೆ ಕೂತು ಸ್ಕೂಲಿನವರು ಕೊಟ್ಟಿದ್ದ ಓಟದ ಸ್ಪೈಕ್ಸ್ ಬೂಟು ಬಿಚ್ಚಿದಳು. ಒಂದಕ್ಕೊಂದು ಬಡಿದು ಮಣ್ಣು ಉದುರಿಸಿ, ಲೇಸ್ ಗಂಟು ಹಾಕಿ ಕುಮುದಾಳ ಕೈಗಿಟ್ಟಳು.

"ಬೇರೆ ಯಾರಿಗಾದ್ರೂ ಆಗತ್ತೆ ಮೇಡಂ" ಎಂದು ಬರಿಗಾಲಲ್ಲಿ ಬಸ್ಸಿನ ಕಡೆ ನಡೆದಳು.