ಬೇರೆಯವಳಿಗೆ ಬರೆದ ಪತ್ರ

ಅಮ್ಮ ತೀರಿಕೊಂಡದ್ದು ಅಂಕೋಲೆಯಲ್ಲಿ, ತಂಗಿಯ ಮನೆಯಲ್ಲಿ. ಕಾರವಾರದಿಂದ ಒಂದು ಗಂಟೆಯ ದಾರಿ, ನಾನು ಹೋಗಲಿಲ್ಲ. ಜ್ವರ ಎಂದು ಫೋನಿನಲ್ಲಿ ಹೇಳಿದೆ. ಜ್ವರ ಇರಲಿಲ್ಲ. ಕೊನೆಯ ಸಲ ಅಮ್ಮನ ಜೊತೆ ಜಗಳವಾಡಿ ಬಂದಿದ್ದೆ. ಆ ಮುಖ ನೋಡುವ ಧೈರ್ಯವಾಗಲಿಲ್ಲ. ತಂಗಿ ನಂಬಿದಳು. ನನ್ನವಳೆಂದು ಉಳಿದವಳು ಅವಳೊಬ್ಬಳೇ, ಅವಳನ್ನೂ ಕಳೆದುಕೊಂಡೇನು ಎಂಬ ಹೆದರಿಕೆಯಲ್ಲಿ ಸುಮ್ಮನಿದ್ದೆ.

ಎದುರು ಕೂತು ಹೇಳಲು ಬಾಯಿ ಬಾರದವಳು ಕಾದಂಬರಿ ಬರೆದೆ, ಬರೀ ಪತ್ರಗಳಲ್ಲಿ. ಒಂದನ್ನು ಬಿಟ್ಟು ಎಲ್ಲವೂ ಅಕ್ಕ ತಂಗಿಗೆ ಬರೆದ ಪತ್ರಗಳು. ತಂಗಿಯ ಉತ್ತರಗಳನ್ನೂ ಬರೆದು ನೋಡಿದ್ದೆ. ಆದರೆ ಅವಳು ನನಗೆ ಬೇಕಾದ ಹಾಗೆಲ್ಲ ಕ್ಷಮಿಸುತ್ತಿದ್ದಳು, ನಾಚಿಕೆಯಾಗಿ ಹರಿದು ಹಾಕಿದೆ. ‘ನೀನು ಕೇಳಿದ್ದಕ್ಕೆ ಹೇಳುತ್ತೇನೆ’ ಎಂದು ಅಕ್ಕ ಬರೆದರೆ, ತಂಗಿ ಏನು ಕೇಳಿದ್ದಳೆಂದು ಓದುವವರೇ ಊಹಿಸಿಕೊಳ್ಳಬೇಕು.

ಒಂದೇ ತಾರೀಕಿನ ಎರಡು ಪತ್ರಗಳನ್ನು ಇಟ್ಟೆ. ಮೊದಲನೆಯದು ತಂಗಿಗೆ: ಜ್ವರ, ಪಕ್ಕದ ಮನೆಯವರು ತಂದ ಗಂಜಿ, ನುಂಗಿದ ಮಾತ್ರೆ. ಸುಳ್ಳಾದ್ದರಿಂದ ಉದ್ದವಾಯಿತು. ನಲವತ್ತು ಪುಟ ಕಳೆದ ಮೇಲೆ ಎರಡನೆಯದು, ಮಾಜಾಳಿಯ ಗೆಳತಿಗೆ, ಆರೇ ಸಾಲು: ಬಸ್ ನಿಲ್ದಾಣದಲ್ಲಿ ಕೂತಿದ್ದೆ, ಅಂಕೋಲೆಯ ಮೂರು ಬಸ್ಸು ಹೋದವು, ಹತ್ತಲಿಲ್ಲ, ಮನೆಗೆ ಬಂದೆ. ಯಾವುದು ನಿಜವೆಂದು ಹೇಳಲು ನಡುವೆ ಕಥೆಗಾರರಿಲ್ಲ. ಓದುವವರ ಕೈಯಲ್ಲಿರುವುದು ತಾರೀಕು ಮಾತ್ರ. ಜಾಣತನ ಮಾಡಿದೆನೆಂದು ಬೀಗಿದ್ದೆ.

ಓದಿದ ಸಹೋದ್ಯೋಗಿಯೊಬ್ಬರು, “ಎರಡನೇದೂ ಸುಳ್ಳಿರಬಹುದಲ್ರೀ? ಗೆಳತಿ ಹತ್ರ ಅಯ್ಯೋ ಪಾಪ ಅನಿಸ್ಕೊಳ್ಳೂಕೆ ಬರೆದದ್ದು” ಎಂದರು. ಯಾರಿಗೆ ಬರೆಯುತ್ತೇವೋ ಅವರಿಗೆ ತಕ್ಕಂತೆ ಮುಖ ತಿದ್ದಿಕೊಳ್ಳುತ್ತೇವೆ, ಅವರ ಮಾತು ಸರಿಯೇ. ನನಗೆ ಸಿಟ್ಟು ಬಂತು. ನಾನು ಬರೆದದ್ದರಲ್ಲಿ ನಿಜವಾದದ್ದು ಆ ಆರು ಸಾಲು ಮಾತ್ರ.

ಅಚ್ಚಾದ ಮೇಲೆ ಪುಸ್ತಕವನ್ನು ತಂಗಿಗೆ ಕಳಿಸಿದೆ. ಹದಿನೈದು ದಿನ ಸದ್ದಿಲ್ಲ. ಫೋನನ್ನು ಕೈಯಲ್ಲೇ ಹಿಡಿದುಕೊಂಡು ತಿರುಗಿದೆ. ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿದಳು.

“ಅಕ್ಕಾ, ಎರಡೂ ಕಾಗ್ದ ಅಕ್ಕಪಕ್ಕ ಇಟ್ಟು ಓದ್ದೆ. ಖರೆ ಯಾವ್ದು?”

“ಎರಡನೇದು” ಎಂದೆ. ಕಣ್ಣು ತುಂಬಿ ಬಂತು. ಕಡೆಗೂ ಹೇಳಿದೆನಲ್ಲ ಎಂದು ಹಗುರವೂ ಆಯಿತು.

“ಹೋಗೂಕೆ ಹೆದರಿಕೆ ಆಗ್ತದೆ, ಅದು ನಂಗೂ ಗೊತ್ತದೆ. ಮಾಜಾಳಿ ಗೆಳತಿ ಯಾರು?”

“ಯಾರೂ ಇಲ್ಲ. ಕಥೆಗೆ ಬೇಕಿತ್ತು, ಹುಟ್ಟಿಸಿಕೊಂಡೆ.”

ಅವಳು ಮೆಲ್ಲಗೆ ಹೇಳಿದಳು: “ಹುಟ್ಟೇ ಇಲ್ಲದವಳಿಗೆ ಖರೆ ಹೇಳ್ದೆ. ನಂಗೆ ಜ್ವರ ಅಂದೆ.”

ಫೋನಿಟ್ಟಳು. ಅವಳಿಗೆ ಬರೆಯಬೇಕೆಂದು ಕೂತು, ‘ಪ್ರೀತಿಯ ತಂಗಿಗೆ’ ಎಂದು ಬರೆದೆ. ನನ್ನ ಕಾದಂಬರಿಯ ಆ ಜ್ವರದ ಪತ್ರ ಶುರುವಾಗುವುದೂ ಹಾಗೆಯೇ.